ಒತ್ತಿರಿ, ಎಣಿಸಿರಿ, ಎಳೆಯಿರಿ: ಇನ್ಸುಲಿನ್ ಪೆನ್ನಿನ ಕೈಪಿಡಿ ಕನ್ನಡಕ್ಕೆ ಬರುವಾಗ

"ಗುಂಡಿಯನ್ನು ಪೂರ್ತಿ ಒತ್ತಿ ಹತ್ತರವರೆಗೆ ಎಣಿಸಿ ಸೂಜಿ ತೆಗೆಯಿರಿ."

ಇನ್ಸುಲಿನ್ ಪೆನ್ನಿನ ಕೈಪಿಡಿಯನ್ನು ಕನ್ನಡಕ್ಕೆ ತರಲು ಕುಳಿತವರ ಮೊದಲ ಕರಡಿನಲ್ಲಿ ಇಂಥದೊಂದು ವಾಕ್ಯ ಸಲೀಸಾಗಿ ಬಂದುಬಿಡುತ್ತದೆ. ವ್ಯಾಕರಣ ಸರಿಯಿದೆ, ಕಠಿಣ ಪದವಿಲ್ಲ, ಓದಲು ಹಗುರ. ಆದರೆ ಇದನ್ನು ಓದಿಕೊಂಡು ಮೊದಲ ಸಲ ಪೆನ್ನು ಹಿಡಿದ ಇಬ್ಬರ ಕೈಗಳು ಎರಡು ಬಗೆಯಲ್ಲಿ ನಡೆಯಬಹುದು. ಒಬ್ಬರು ಗುಂಡಿ ಒತ್ತಿ ಹೆಬ್ಬೆರಳನ್ನು ಅಲ್ಲೇ ಬಿಗಿಯಾಗಿಟ್ಟು ಎಣಿಸುತ್ತಾರೆ. ಇನ್ನೊಬ್ಬರು ಒತ್ತಿ, ಬೆರಳು ತೆಗೆದು, ಆಮೇಲೆ ಎಣಿಸುತ್ತಾರೆ. ವಾಕ್ಯ ಇಬ್ಬರಿಗೂ ಸಮ್ಮತಿ ಕೊಡುತ್ತದೆ. ಮೂರನೆಯವರೊಬ್ಬರಿದ್ದರೆ "ಸೂಜಿ ತೆಗೆಯಿರಿ" ಎಂಬಲ್ಲಿ ನಿಂತುಬಿಡುತ್ತಾರೆ. ಎಲ್ಲಿಂದ ತೆಗೆಯಬೇಕು, ಹೊಟ್ಟೆಯಿಂದಲೋ ಪೆನ್ನಿನಿಂದಲೋ?

ಆ ಹತ್ತು ಎಣಿಕೆಗೆ ಕಾರಣವಿದೆ. ಪೆನ್ನಿನ ಸೂಜಿ ಬಹಳ ತೆಳು. ಈಗ ಹೆಚ್ಚಾಗಿ ಕೊಡುವುದು 4 ಮಿಲಿಮೀಟರ್ ಉದ್ದದ್ದು. ಗುಂಡಿ ಕೊನೆಮುಟ್ಟಿ ಕಿಟಕಿಯಲ್ಲಿ 0 ಬಂದರೂ ಒಳಗಿನ ಒತ್ತಡ ಇಳಿದು ಇನ್ಸುಲಿನ್ ಪೂರ್ತಿ ಹೊರಬೀಳಲು ಕೆಲವು ಸೆಕೆಂಡು ಬೇಕು. ಅವಸರದಲ್ಲಿ ಎಳೆದರೆ ಸೂಜಿಯ ತುದಿಯಲ್ಲಿ ಹನಿ ಕಟ್ಟಿ ಚರ್ಮದ ಮೇಲೆ ಜಾರುತ್ತದೆ. ಹಾಗೆ ಜಾರಿದ್ದೂ ವೈದ್ಯರು ಬರೆದ ಲೆಕ್ಕದೊಳಗಿನದೇ. ಕೆಲವು ಪೆನ್ನುಗಳ ಕೈಪಿಡಿ ಆರು ಸೆಕೆಂಡು ಎನ್ನುತ್ತದೆ, ಕೆಲವು ಹತ್ತು. ಚುಚ್ಚುವ ಕ್ರಮ ಕಲಿಸುವ ದಾದಿಯರು ಸಾಮಾನ್ಯವಾಗಿ ಹತ್ತೇ ಹೇಳಿಕೊಡುತ್ತಾರೆ.

ಗೊಂದಲದ ಬೇರು ಕನ್ನಡ ಕ್ರಿಯಾಪದದಲ್ಲೇ ಇದೆ. "ಒತ್ತಿ" ಎಂದರೆ ದಯವಿಟ್ಟು ಒತ್ತಿರಿ ಎಂಬ ಸೂಚನೆಯೂ ಹೌದು, ಒತ್ತಿದ ಮೇಲೆ ಎಂಬ ಭೂತಕಾಲವೂ ಹೌದು. ತಿರುಗಿಸಿ, ಸಿಕ್ಕಿಸಿ, ತಾಗಿಸಿ, ಎಣಿಸಿ ಎಲ್ಲವೂ ಹೀಗೆಯೇ. ಮಾತಿನಲ್ಲಿ ಇದು ತೊಡಕಾಗುವುದಿಲ್ಲ, ಹೇಳುವವರ ದನಿ ಎಲ್ಲಿ ನಿಲ್ಲುತ್ತದೆ ಎಂಬುದೇ ಅರ್ಥ ಬಿಡಿಸುತ್ತದೆ. ಕಾಗದದ ಮೇಲೆ, ಅದರಲ್ಲೂ ಮಗಳು ಓದಿ ಅಪ್ಪ ಕೇಳಿಸಿಕೊಂಡು ಚುಚ್ಚಿಕೊಳ್ಳುವ ಮನೆಯಲ್ಲಿ, ನಾಲ್ಕು ಕೆಲಸಗಳು ಒಂದರ ಬಾಲ ಇನ್ನೊಂದು ಹಿಡಿದು ಒಂದೇ ಉಸಿರಿನಲ್ಲಿ ಸಾಗಿಬಿಡುತ್ತವೆ. ಪರಿಹಾರ ಸರಳ. ಒಂದು ಕೆಲಸಕ್ಕೆ ಒಂದು ವಾಕ್ಯ, ಕೊನೆಗೆ ಪೂರ್ಣವಿರಾಮ, ಕ್ರಿಯಾಪದಕ್ಕೆ "ಒತ್ತಿರಿ" ಎಂಬ ಪೂರ್ಣರೂಪ. ಹಳೆಯ ಪಠ್ಯಪುಸ್ತಕದ ವಾಸನೆ ಬರುತ್ತದೆ ಎಂದು ಕೆಲವು ಸಂಪಾದಕರು ಮೂಗು ಮುರಿಯುತ್ತಾರೆ. ಮುರಿಯಲಿ. ತಿದ್ದಿದ ಸೂಚನೆ ಹೀಗಾಗುತ್ತದೆ: ಗುಂಡಿಯನ್ನು ಕೊನೆಯವರೆಗೂ ಒತ್ತಿರಿ. ಕಿಟಕಿಯಲ್ಲಿ 0 ಕಾಣಬೇಕು. ಹೆಬ್ಬೆರಳನ್ನು ಗುಂಡಿಯ ಮೇಲಿಂದ ತೆಗೆಯದೆ ನಿಧಾನವಾಗಿ 1ರಿಂದ 10ರವರೆಗೆ ಎಣಿಸಿರಿ. ಆಮೇಲೆ ಪೆನ್ನನ್ನು ನೇರವಾಗಿ ಎಳೆದು ಸೂಜಿಯನ್ನು ಮೈಯಿಂದ ಹೊರತನ್ನಿ. ಪೆನ್ನಿನಿಂದ ಸೂಜಿ ಕಳಚುವುದು ಬೇರೆಯೇ ಹೆಜ್ಜೆ, ಅದಕ್ಕೆ "ಬಿಚ್ಚಿರಿ" ಎಂಬ ಬೇರೆ ಪದ.

ಇದು ಯಾರಿಗಾಗಿ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಸಕ್ಕರೆ ಕಾಯಿಲೆ ಎಂದು ಹೊಸದಾಗಿ ಗೊತ್ತಾದವರಲ್ಲಿ ಹೆಚ್ಚಿನವರು ಮಾತ್ರೆಯಿಂದ ಶುರುಮಾಡುತ್ತಾರೆ. ಮೊದಲ ವಾರವೇ ಪೆನ್ನು ಕೈಗೆ ಬರುವುದು ಟೈಪ್ 1 ಇರುವ ಮಕ್ಕಳಿಗೆ, ಬಸಿರಿನಲ್ಲಿ ಸಕ್ಕರೆ ಏರಿ ಪಥ್ಯದಿಂದ ಇಳಿಯದ ಕೆಲವು ಹೆಂಗಸರಿಗೆ, ಮತ್ತು ಪತ್ತೆಯಾಗುವ ಹೊತ್ತಿಗೇ ಸಕ್ಕರೆ ತೀರಾ ಮೇಲೇರಿ ಆಸ್ಪತ್ರೆ ಸೇರಿದವರಿಗೆ. ಡಿಸ್ಚಾರ್ಜ್ ದಿನ ದಾದಿ ಒಮ್ಮೆ ತೋರಿಸಿಕೊಡುತ್ತಾರೆ. ರೋಗಿಯ ತಲೆಯಲ್ಲಿ ಆಗ ಬಿಲ್ಲು, ಬಸ್ಸು, ಮನೆಯ ಚಿಂತೆ. ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದಾಗ ಸಿಗುವುದು ಸಣ್ಣ ಅಕ್ಷರದ, ಎಂಟು ಮಡಿಕೆಯ ಕಾಗದ. ಕನ್ನಡದ ಕೈಪಿಡಿ ಕೆಲಸಕ್ಕೆ ಬರಬೇಕಾದದ್ದು ಆ ಬೆಳಿಗ್ಗೆ.

ಪೆನ್ನುಗಳಲ್ಲಿ ಎರಡು ಜಾತಿ. ಇನ್ಸುಲಿನ್ ಮುಗಿದ ಮೇಲೆ ಬಿಸಾಡುವಂಥದ್ದು ಒಂದು, ಒಳಗಿನ ಗಾಜಿನ ಕೊಳವೆಯನ್ನಷ್ಟೇ ಬದಲಿಸುವಂಥದ್ದು ಇನ್ನೊಂದು. ಆ ಕೊಳವೆಗೆ ಅಂಗಡಿಯಲ್ಲಿ ಕಾರ್ಟ್ರಿಡ್ಜ್ ಎನ್ನುತ್ತಾರೆ, ಕೆಲವರ ಬಾಯಲ್ಲಿ ರೀಫಿಲ್. 1985ರಲ್ಲಿ ಡೆನ್ಮಾರ್ಕಿನ ನೋವೋ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಪೆನ್ನು ನೋಡಲು ಶಾಯಿ ಪೆನ್ನಿನಂತೆಯೇ ಇತ್ತು, ಹೆಸರು ಅಲ್ಲಿಂದ ಬಂತು. ಇಲ್ಲಿ ನಾನು ಆರಿಸಿಕೊಂಡಿರುವುದು ಕೊಳವೆ ಬದಲಿಸುವ ಪೆನ್ನು, ಅದರೊಳಗೆ ನಮ್ಮಲ್ಲಿ ಬಹಳ ಬಳಕೆಯಲ್ಲಿರುವ 30/70 ಎಂಬ ಮಿಶ್ರ ಇನ್ಸುಲಿನ್. ಅನುವಾದದ ಕಷ್ಟಗಳೆಲ್ಲ ಇದರಲ್ಲೇ ಗುಂಪುಗೂಡಿವೆ.

ಮೊದಲನೆಯದು ಮುಚ್ಚಳಗಳದ್ದು. ಪೆನ್ನಿಗೊಂದು ಮುಚ್ಚಳ. ಹೊಸ ಸೂಜಿಯ ಮೇಲೆ ಕಾಗದದ ಸೀಲು. ಸೀಲು ಹರಿದು ಸೂಜಿಯನ್ನು ಪೆನ್ನಿಗೆ ತಿರುಗಿಸಿ ಕೂರಿಸಿದರೆ ಅದರ ಮೇಲೆ ದೊಡ್ಡದೊಂದು ಹೊರಮುಚ್ಚಳ, ಅದನ್ನು ಎಳೆದರೆ ಒಳಗೆ ತೆಳುವಾದ ಇನ್ನೊಂದು. ಹೊರಗಿನದನ್ನು ಇಟ್ಟುಕೊಳ್ಳಬೇಕು, ಕೊನೆಗೆ ಸೂಜಿ ಬಿಚ್ಚಲು ಬೇಕಾಗುತ್ತದೆ. ಒಳಗಿನದನ್ನು ಬಿಸಾಡಬೇಕು. ಮೂಲದಲ್ಲಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಪದವಿದೆ, ಅನುವಾದಕರೂ ಮೂರು ಕಡೆ ಮುಚ್ಚಳ ಎಂದು ಬರೆದು ಮುಂದೆ ಸಾಗುತ್ತಾರೆ. ಇದರಿಂದ ಆಗುವ ತಪ್ಪು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವಂಥದ್ದು: ಒಳಮುಚ್ಚಳ ಹಾಗೇ ಇರುವಾಗ ಪೆನ್ನನ್ನು ಹೊಟ್ಟೆಗೆ ಒತ್ತಿ ಗುಂಡಿ ಅದುಮುವುದು. ಗುಂಡಿ ಕೆಳಗಿಳಿಯುತ್ತದೆ, ಕಿಟಕಿಯಲ್ಲಿ 0 ಬರುತ್ತದೆ, ನೋವಿಲ್ಲ. ಇನ್ಸುಲಿನ್ ಮುಚ್ಚಳದೊಳಗೇ ತುಂಬಿ ಸೋರಿಹೋಗುತ್ತದೆ. ನೋವೇ ಇಲ್ಲ ಎಂದು ರೋಗಿಗೆ ಖುಷಿ. ಸಕ್ಕರೆ ಮಾತ್ರ ಇಳಿಯುವುದಿಲ್ಲ. ವೈದ್ಯರು ಪ್ರಮಾಣ ಏರಿಸುತ್ತಾರೆ. ಒಂದು ದಿನ ಯಾರೋ ಸರಿಯಾಗಿ ಚುಚ್ಚಿಕೊಟ್ಟಾಗ ಏರಿಸಿದ ಅಷ್ಟೂ ಇನ್ಸುಲಿನ್ ಒಮ್ಮೆಗೇ ಮೈಸೇರಿ ಸಕ್ಕರೆ ಕುಸಿಯುತ್ತದೆ.

ಆದ್ದರಿಂದ ಮೂರಕ್ಕೂ ಬೇರೆ ಹೆಸರು ಕೊಟ್ಟು ಕೊನೆಯವರೆಗೂ ಅದನ್ನೇ ಪಾಲಿಸಬೇಕು. ಪೆನ್ನಿನ ಮುಚ್ಚಳ, ದೊಡ್ಡ ಹೊರಕವಚ, ಸಣ್ಣ ಒಳಕೊಳವೆ ಎಂದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಈ ಹೆಜ್ಜೆಯ ಕೊನೆಗೆ ಕಣ್ಣಿಗೆ ಏನು ಕಾಣಬೇಕು ಎಂಬುದನ್ನು ಬರೆಯಬೇಕು: ಈಗ ಹೊಳೆಯುವ ಬರಿಯ ಸೂಜಿ ಕಾಣಬೇಕು, ಕಾಣದಿದ್ದರೆ ಒಳಕೊಳವೆ ಇನ್ನೂ ಅಲ್ಲೇ ಇದೆ. ಮೂಲದಲ್ಲಿ ಈ ಮಾತು ಇಲ್ಲದಿದ್ದರೂ ಚಿತ್ರದಲ್ಲಿ ಇರುತ್ತದೆ. ಚಿತ್ರದಲ್ಲಿರುವುದನ್ನು ಅಕ್ಷರಕ್ಕೆ ತರುವುದೂ ಅನುವಾದಕರ ಕೆಲಸವೇ, ಏಕೆಂದರೆ ಓದಿಸಿಕೊಂಡು ಕೇಳುವವರಿಗೆ ಚಿತ್ರ ಕಾಣುವುದಿಲ್ಲ.

ಬಿಸಾಡುವ ಮಾತು ಬಂದದ್ದರಿಂದ ಒಂದು ಸಣ್ಣ ಎಚ್ಚರಿಕೆ. ಧಾರವಾಡದ ಕಡೆ ಒಗೆಯುವುದೆಂದರೆ ಎಸೆಯುವುದು, ಮೈಸೂರಿನ ಕಡೆ ಒಗೆಯುವುದೆಂದರೆ ತೊಳೆಯುವುದು. "ಬಳಸಿದ ಸೂಜಿಯನ್ನು ಒಗೆಯಿರಿ" ಎಂದು ಬರೆದರೆ ಅರ್ಧ ನಾಡು ಸರಿಯಾಗಿ ಮಾಡೀತು. "ಎಸೆಯಿರಿ" ಎಂದರೆ ಎಲ್ಲರಿಗೂ ಒಂದೇ ಅರ್ಥ. ಎಲ್ಲಿಗೆ ಎಂಬುದನ್ನೂ ಹೇಳಬೇಕು: ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ, ತುಂಬಿದ ಮೇಲೆ ಆಸ್ಪತ್ರೆಗೆ.

ಇನ್ನು ಕಲಸುವ ಹೆಜ್ಜೆ. 30/70 ಇನ್ಸುಲಿನ್‌ನಲ್ಲಿ ಬೇಗ ಕೆಲಸ ಮಾಡುವ ತಿಳಿ ಭಾಗವೊಂದು, ನಿಧಾನವಾಗಿ ಕರಗುವ ಬಿಳಿ ಹರಳುಗಳ ಭಾಗವೊಂದು. ಪೆನ್ನು ಸುಮ್ಮನೆ ಮಲಗಿದ್ದರೆ ಹರಳುಗಳು ತಳಕ್ಕಿಳಿಯುತ್ತವೆ. ಹಾಗೇ ಚುಚ್ಚಿಕೊಂಡರೆ ಒಂದು ದಿನ ತಿಳಿ ಹೆಚ್ಚು ಹೋಗುತ್ತದೆ, ಇನ್ನೊಂದು ದಿನ ಬಿಳಿ. ಊಟ ಅದೇ, ಪ್ರಮಾಣ ಅದೇ, ಸಕ್ಕರೆ ಮಾತ್ರ ಏರಿಳಿಯುತ್ತದೆ. ಕೈಪಿಡಿ ಕಲಸಬೇಕು ಎನ್ನುತ್ತದೆ, ಜೊತೆಗೇ ಜೋರಾಗಿ ಕುಲುಕಬಾರದು ಎನ್ನುತ್ತದೆ. ಕುಲುಕಿದರೆ ನೊರೆ ಬಂದು ಗುಳ್ಳೆ ಸೇರಿಕೊಳ್ಳುತ್ತದೆ. ಕಲಸು ಎಂಬ ಪದವೊಂದನ್ನೇ ಬರೆದರೆ ಜನ ಸಿರಪ್ಪಿನ ಬಾಟಲಿ ಕುಲುಕಿದ ಅಭ್ಯಾಸದಲ್ಲೇ ಕುಲುಕುತ್ತಾರೆ. ಕೈಯ ಚಲನೆಯನ್ನೇ ಹೇಳಿಬಿಡಬೇಕು: ದೇವರ ದೀಪದ ಬತ್ತಿ ಹೊಸೆಯುವಂತೆ ಪೆನ್ನನ್ನು ಎರಡು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿರಿ. ಆಮೇಲೆ ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿರಿ. ಒಳಗಿನ ಗಾಜಿನ ಗುಂಡು ಆ ತುದಿಯಿಂದ ಈ ತುದಿಗೆ ಉರುಳಬೇಕು. ಎಲ್ಲ ಕಡೆ ಒಂದೇ ಸಮ ಬಿಳುಪಾಗಿ ಕಾಣಬೇಕು. ಚೂರುಗಳು ತೇಲುತ್ತಿದ್ದರೆ ಅಥವಾ ಗಾಜಿಗೆ ಅಂಟಿದ್ದರೆ ಅದನ್ನು ಬಳಸಬಾರದು. ನೀರಿನಂತೆ ತಿಳಿಯಾಗಿರುವ ಬೇರೆ ಇನ್ಸುಲಿನ್‌ಗಳಿಗೆ ಈ ಹೆಜ್ಜೆ ಬೇಕಿಲ್ಲ, ಅವು ಮಬ್ಬಾದರೇ ಕೆಟ್ಟವೆಂದು ಅರ್ಥ. ಒಂದೇ ಮನೆಯಲ್ಲಿ ಎರಡು ಬಗೆಯ ಇನ್ಸುಲಿನ್ ಇದ್ದರೆ ಈ ಎರಡು ನಿಯಮಗಳು ಅಡ್ಡಾದಿಡ್ಡಿಯಾಗುತ್ತವೆ. ಅದಕ್ಕೇ ಪುಟದ ನೆತ್ತಿಯಲ್ಲಿ ಯಾವ ಇನ್ಸುಲಿನ್‌ಗೆ ಬರೆದದ್ದು ಎಂಬುದು ದಪ್ಪಕ್ಷರದಲ್ಲಿರಬೇಕು.

ಈಗ ಒಂದು ಲೆಕ್ಕ ಹಾಕಿ ನೋಡೋಣ. ಕೈಪಿಡಿಯ ಅತಿ ಕಷ್ಟದ ವಾಕ್ಯ ಎಲ್ಲಿ ಅಡಗಿದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ವೈದ್ಯರು ಬೆಳಿಗ್ಗೆ ತಿಂಡಿಗೆ ಮುಂಚೆ 14 ಯೂನಿಟ್, ರಾತ್ರಿ ಊಟಕ್ಕೆ ಮುಂಚೆ 8 ಯೂನಿಟ್ ಬರೆದಿದ್ದಾರೆ. ಪ್ರತಿ ಸಲವೂ ಚುಚ್ಚುವ ಮೊದಲು ಪೆನ್ನನ್ನು ಮೇಲ್ಮುಖವಾಗಿ ಹಿಡಿದು 2 ಯೂನಿಟ್ ಗಾಳಿಗೆ ಬಿಡಬೇಕು. ಸೂಜಿಯ ತುದಿಯಲ್ಲಿ ಹನಿ ಕಂಡರೆ ಗಾಳಿ ಹೋಗಿದೆ, ಸೂಜಿ ಕಟ್ಟಿಕೊಂಡಿಲ್ಲ ಎಂದು ಖಾತ್ರಿ. ಹನಿ ಬರದಿದ್ದರೆ ಮತ್ತೆ 2. ಹಾಗಾಗಿ ದಿನದ ಖರ್ಚು 14, 8, ಜೊತೆಗೆ ಎರಡು ಸಲದ 2, ಒಟ್ಟು 26 ಯೂನಿಟ್. ಕಾರ್ಟ್ರಿಡ್ಜ್‌ನಲ್ಲಿರುವುದು 3 ಮಿಲಿಲೀಟರ್, ಅಂದರೆ 300 ಯೂನಿಟ್. ಹನ್ನೊಂದು ದಿನಕ್ಕೆ 286 ಮುಗಿಯುತ್ತದೆ. ಹನ್ನೆರಡನೆಯ ಬೆಳಿಗ್ಗೆ ಕೊಳವೆಯಲ್ಲಿ ಇರುವುದು 14.

ಸರಿಯಾಗಿ 14 ಇದೆಯಲ್ಲ ಎಂದು ರೋಗಿಗೆ ಅನ್ನಿಸುತ್ತದೆ. ಪರೀಕ್ಷೆಗೆ 2 ಬಿಟ್ಟಾಗ 12 ಆಯಿತು. ಕೆಲವು ಪೆನ್ನುಗಳು ಇದ್ದದ್ದಕ್ಕಿಂತ ಹೆಚ್ಚು ತಿರುಗಿಸಲು ಬಿಡುವುದೇ ಇಲ್ಲ, 12ಕ್ಕೆ ಬಂದು ಗಟ್ಟಿಯಾಗಿ ನಿಲ್ಲುತ್ತವೆ. ಇನ್ನು ಕೆಲವು 14ರವರೆಗೂ ತಿರುಗುತ್ತವೆ, ಒತ್ತಿದಾಗ 0ಗೆ ಬಾರದೆ 2ರಲ್ಲಿ ನಿಲ್ಲುತ್ತವೆ. ಈ 2 ಏನನ್ನು ಹೇಳುತ್ತಿದೆ? ಮೈಗೆ ಇನ್ನೂ ಹೋಗದ ಪ್ರಮಾಣವನ್ನು. ಮೂಲದ ಮಾತನ್ನು ಹಿಡಿದು "ಕಿಟಕಿಯಲ್ಲಿ ಉಳಿದ ಪ್ರಮಾಣ ಕಾಣುತ್ತದೆ" ಎಂದು ಬರೆದರೆ ಮೂರು ಅರ್ಥಕ್ಕೆ ದಾರಿ. ಕೊಳವೆಯಲ್ಲಿ 2 ಉಳಿದಿದೆ ಎಂದುಕೊಂಡವರು ಗುಂಡಿಯನ್ನು ಜೋರಾಗಿ ಒತ್ತುತ್ತಲೇ ಇರುತ್ತಾರೆ. ಹೋದದ್ದೇ 2 ಎಂದುಕೊಂಡವರು ಹೊಸ ಕೊಳವೆ ಹಾಕಿ ಮತ್ತೆ 12 ಚುಚ್ಚಿಕೊಳ್ಳುತ್ತಾರೆ. ಏನೋ ಎಡವಟ್ಟಾಯಿತು ಎಂದು ಮೊದಲಿಂದ ಶುರುಮಾಡುವವರು ಪೂರ್ತಿ 14. ಕೊನೆಯ ಇಬ್ಬರಿಗೂ 14ರ ಜಾಗದಲ್ಲಿ 24, 26 ಯೂನಿಟ್ ಹೋದಂತಾಯಿತು. ಕೆಲವೇ ಗಂಟೆಗಳಲ್ಲಿ ಬೆವರು, ಕೈನಡುಕ, ಎದೆ ಡವಡವ, ಕಣ್ಣಿಗೆ ಮಂಜು. ಮಲಗಿದ್ದರಂತೂ ಪ್ರಜ್ಞೆಯೇ ತಪ್ಪಬಹುದು.

ಹಾಗಾಗಿ ಇಲ್ಲಿ ಉಳಿದ ಎಂಬ ಪದವನ್ನೇ ಬಿಟ್ಟುಬಿಡುವುದು ಲೇಸು. "ಒತ್ತಿದ ಮೇಲೂ ಕಿಟಕಿಯಲ್ಲಿ 2 ಎಂದಿದ್ದರೆ ನಿಮಗೆ ಇನ್ನೂ 2 ಯೂನಿಟ್ ಹೋಗಿಲ್ಲ. ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹೊಸ ಕಾರ್ಟ್ರಿಡ್ಜ್ ಹಾಕಿರಿ. ಹೊಸ ಸೂಜಿ ಹಾಕಿರಿ. ಹನಿ ಪರೀಕ್ಷೆ ಮಾಡಿರಿ. ಆ 2 ಯೂನಿಟ್ ಮಾತ್ರ ಚುಚ್ಚಿಕೊಳ್ಳಿ." ಉದಾಹರಣೆಯ ಅಂಕಿಯನ್ನು ಇಟ್ಟೇ ಬರೆಯಬೇಕು, ಪ್ರಮಾಣ ಪ್ರಮಾಣ ಎಂದು ಬರೆಯುತ್ತ ಹೋದರೆ ತಲೆಗೆ ಹತ್ತುವುದಿಲ್ಲ. ಅಂಕಿಗಳು ಪೆನ್ನಿನ ಮೇಲಿರುವಂತೆ 2, 14 ಎಂದೇ ಇರಲಿ. ಕನ್ನಡ ಅಂಕಿ ಚಂದವೇ, ಆದರೆ ಕಾಗದ ಮತ್ತು ಕಿಟಕಿ ಒಂದಕ್ಕೊಂದು ತಾಳೆಯಾಗಬೇಕು. ಇನ್ನೊಂದು ಕಿರಿಕಿರಿ: ಎಷ್ಟೋ ಪೆನ್ನುಗಳ ಕಿಟಕಿಯಲ್ಲಿ ಸಮಸಂಖ್ಯೆಗಳಷ್ಟೇ ಅಚ್ಚಾಗಿರುತ್ತವೆ, ಬೆಸಕ್ಕೆ ಬರಿಯ ಗೆರೆ. 15 ಬರೆಸಿಕೊಂಡು ಬಂದವರು 15 ಹುಡುಕಿ ಸೋಲುತ್ತಾರೆ. ಅದು 14 ಮತ್ತು 16ರ ನಡುವಿನ ಗೆರೆ ಎಂದು ಒಂದು ಸಾಲು ಸೇರಿಸಿದರೆ ಆಯಿತು.

ಯೂನಿಟ್ ಎಂಬುದನ್ನು ನಾನು ಎಲ್ಲೂ ಘಟಕ ಎಂದು ಬರೆಯುವುದಿಲ್ಲ. ಚೀಟಿಯಲ್ಲಿ, ಅಂಗಡಿಯಲ್ಲಿ, ವಾರ್ಡಿನಲ್ಲಿ ಎಲ್ಲರೂ ಯೂನಿಟ್ ಎನ್ನುತ್ತಾರೆ, ಕೆಲವರು ಪಾಯಿಂಟ್ ಎನ್ನುತ್ತಾರೆ. ಕಾಗದ ಮಾತ್ರ ಬೇರೆ ಮಾತಾಡಿದರೆ ಹೊಸ ಅನುಮಾನ ಹುಟ್ಟುತ್ತದೆ.

ಯೂನಿಟ್‌ನ ಜೊತೆಗೇ ನಮ್ಮ ದೇಶದ್ದೇ ಆದ ಒಂದು ಅಪಾಯವಿದೆ. ಹೊರದೇಶದಲ್ಲಿ ಬರೆದ ಮೂಲ ಕೈಪಿಡಿ ಅದನ್ನು ಬಿಡಿಸಿ ಹೇಳುವುದಿಲ್ಲ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿರುವುದು ಮಿಲಿಲೀಟರಿಗೆ 100. ಪೆನ್ನು ಕೆಟ್ಟ ದಿನ ಮನೆಯಲ್ಲಿ ಅಜ್ಜಿಯ ಕೆಂಪು ಮುಚ್ಚಳದ ಸಿರಿಂಜ್ ಇದ್ದರೆ, ಅದನ್ನೇ ಕಾರ್ಟ್ರಿಡ್ಜ್‌ಗೆ ಚುಚ್ಚಿ 14ರ ಗೆರೆಯವರೆಗೆ ಎಳೆಯುವ ಯೋಚನೆ ಯಾರಿಗಾದರೂ ಬರುತ್ತದೆ. ಆ ಸಿರಿಂಜ್‌ನಲ್ಲಿ 14ರ ಗೆರೆ ಎಂದರೆ 0.35 ಮಿಲಿಲೀಟರ್. ಕಾರ್ಟ್ರಿಡ್ಜ್‌ನ ಇನ್ಸುಲಿನ್‌ನಲ್ಲಿ ಅಷ್ಟು ದ್ರವಕ್ಕೆ 35 ಯೂನಿಟ್. ಬರೆದುಕೊಟ್ಟದ್ದರ ಎರಡೂವರೆ ಪಟ್ಟು. ಕೈಪಿಡಿಗಳು ಕಾರ್ಟ್ರಿಡ್ಜ್‌ನಿಂದ ಸಿರಿಂಜ್‌ಗೆ ಎಳೆಯಬೇಡಿ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಕಾರಣ ಗೊತ್ತಿಲ್ಲದ ನಿಷೇಧವನ್ನು ಅವಸರದ ದಿನ ಯಾರೂ ಲೆಕ್ಕಕ್ಕಿಡುವುದಿಲ್ಲ. ಇಲ್ಲಿ ಅನುವಾದಕರಿಗೆ ಧರ್ಮಸಂಕಟ. ಮೂಲದಲ್ಲಿಲ್ಲದ್ದನ್ನು ತಾವಾಗಿ ಸೇರಿಸುವಂತಿಲ್ಲ, ಸೇರಿಸದೆ ಇರುವುದೂ ಸರಿಯಲ್ಲ. ಮಾಡಬೇಕಾದದ್ದು ಇಷ್ಟು: ಸೇರಿಸಬೇಕೆನಿಸಿದ ಸಾಲುಗಳನ್ನು ಬೇರೆ ಹಾಳೆಯಲ್ಲಿ ಬರೆದು, ಲೆಕ್ಕವನ್ನೂ ಕೊಟ್ಟು, ವೈದ್ಯರಿಂದಲೂ ಕಂಪನಿಯಿಂದಲೂ ಒಪ್ಪಿಗೆ ಪಡೆದು, ಸ್ಥಳೀಯ ಸೂಚನೆ ಎಂಬ ತಲೆಬರಹದಡಿ ಬೇರೆ ಚೌಕದೊಳಗೆ ಅಚ್ಚು ಹಾಕಿಸುವುದು.

ಇನ್ಸುಲಿನ್ ಇಡುವ ಜಾಗದ ಮಾತೂ ಅದೇ ಚೌಕಕ್ಕೆ ಸೇರಬೇಕಾದದ್ದು. ಬಳಕೆಯಲ್ಲಿರುವ ಪೆನ್ನನ್ನು ಕೋಣೆಯ ಉಷ್ಣತೆಯಲ್ಲಿ ಇಡಿ ಎಂದು ಮೂಲ ಹೇಳುತ್ತದೆ. ಅದರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ 25 ಅಥವಾ 30 ಡಿಗ್ರಿಯ ಒಳಗೆ. ಮೇ ತಿಂಗಳ ರಾಯಚೂರಿನ ಕೋಣೆಗೆ ಇದು ತಿಳಿದಿಲ್ಲ. ಡಿಗ್ರಿಯನ್ನು ಬರೆದು, ಬೇಸಿಗೆಯಲ್ಲಿ ನೀರಿನ ಮಡಕೆಯ ಪಕ್ಕ ತಂಪು ಜಾಗದಲ್ಲಿಡಿ ಎನ್ನಬೇಕು. ಇನ್ನೂ ತೆರೆಯದ ಕಾರ್ಟ್ರಿಡ್ಜ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಮಂಜುಗಡ್ಡೆಯ ಖಾನೆಯಲ್ಲಿ ಖಂಡಿತ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಿದ್ದರೂ ಬಳಸಬಾರದು.

ಗ್ಲೂಕೋಮೀಟರ್‌ನ ಕೈಪಿಡಿ ದಪ್ಪ, ಆದರೆ ಅನುವಾದಕ್ಕೆ ಪೆನ್ನಿನಷ್ಟು ಕಾಡುವುದಿಲ್ಲ. ಅರ್ಧ ಪುಟಗಳು ಗಡಿಯಾರ ಹೊಂದಿಸುವುದು, ಬ್ಯಾಟರಿ, ಹಳೆಯ ಅಂಕಿ ನೋಡುವುದು ಇತ್ಯಾದಿ. ಹೊಸ ರೋಗಿಗೆ ಬೇಕಾದದ್ದು ಎರಡು ಪುಟ. ಅದರಲ್ಲಿ ಮೊದಲ ತೊಡಕು "ರಕ್ತವನ್ನು ಸ್ಟ್ರಿಪ್ ಮೇಲೆ ಹಾಕಿ" ಎಂಬ ಅನುವಾದ. ಈಗಿನ ಸ್ಟ್ರಿಪ್‌ಗಳು ತುದಿಯಿಂದ ರಕ್ತವನ್ನು ತಾವೇ ಹೀರಿಕೊಳ್ಳುತ್ತವೆ. ಮೇಲಿಂದ ತೊಟ್ಟಿಕ್ಕಿಸಿದರೆ ಯಂತ್ರ ದೋಷದ ಸಂಕೇತ ತೋರಿಸುತ್ತದೆ, ಸ್ಟ್ರಿಪ್ ಹಾಳಾಗುತ್ತದೆ, ಅದರ ದುಡ್ಡೂ ಹೋಯಿತು. ಬೆರಳಿನ ಹನಿಗೆ ಸ್ಟ್ರಿಪ್‌ನ ತುದಿ ತಾಗಿಸಿರಿ, ಅದೇ ಹೀರಿಕೊಳ್ಳುತ್ತದೆ ಎಂದು ಬರೆದರೆ ಕೈ ತಾನಾಗಿ ಸರಿದಾರಿ ಹಿಡಿಯುತ್ತದೆ.

ಎರಡನೆಯದು ಕೈತೊಳೆಯುವುದು. ಸ್ವಚ್ಛತೆಗಾಗಿ ಎಂದು ಓದುಗರು ತಿಳಿದು, ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಕೆಂದುಕೊಳ್ಳುತ್ತಾರೆ. ಮಾವಿನಹಣ್ಣು ಸುಲಿದ ಕೈಯಲ್ಲಿ ಹಣ್ಣಿನ ಸಕ್ಕರೆ ಅಂಟಿರುತ್ತದೆ, ಅದು ಹನಿಗೆ ಸೇರಿ ಅಂಕಿಯನ್ನು ವಿಪರೀತ ಏರಿಸಬಲ್ಲದು. ಸ್ಪಿರಿಟ್ಟಿಗೆ ಅದು ಪೂರ್ತಿ ಹೋಗುವುದಿಲ್ಲ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ತೊಳೆದ ಮೇಲೆ ಒರೆಸಿ ಒಣಗಿಸಬೇಕು. ಇಲ್ಲದಿದ್ದರೆ ನೀರು ಬೆರೆತು ಅಂಕಿ ಕೆಳಗಿಳಿಯುತ್ತದೆ.

ಪರದೆಯ ಅಕ್ಷರಗಳನ್ನು ಅನುವಾದಿಸಬಾರದು, ಇದ್ದಂತೆಯೇ ಅಚ್ಚುಹಾಕಿ ಪಕ್ಕದಲ್ಲಿ ಅರ್ಥ ಬರೆಯಬೇಕು. `HI` ಎಂದು ಬಂದರೆ ಯಂತ್ರ ನಮಸ್ಕಾರ ಹೇಳುತ್ತಿಲ್ಲ. ಸಕ್ಕರೆ ಅದರ ಅಳತೆಯನ್ನೇ ಮೀರಿದೆ, ಹೆಚ್ಚಿನ ಯಂತ್ರಗಳಲ್ಲಿ 600ಕ್ಕಿಂತ ಮೇಲೆ. ಕೈತೊಳೆದು ಇನ್ನೊಮ್ಮೆ ನೋಡಿ, ಅದೇ ಬಂದರೆ ತಡಮಾಡದೆ ಆಸ್ಪತ್ರೆಗೆ. `LO` ಎಂದರೆ ಅಳತೆಗೂ ಕೆಳಗೆ, ಸಾಮಾನ್ಯವಾಗಿ 20ಕ್ಕಿಂತ ಕಡಿಮೆ. ಅದು 10 ಎಂಬ ಅಂಕಿಯಂತೆಯೂ ಕಾಣಬಹುದು. ಅಷ್ಟು ಇಳಿಯುವವರೆಗೆ ಕಾಯಬೇಕಿಲ್ಲ, 70ಕ್ಕಿಂತ ಕೆಳಗಿಳಿದರೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು ಹದಿನೈದು ನಿಮಿಷದ ಮೇಲೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಲಂಡನ್ನಿನಲ್ಲಿರುವ ಮಗ ತಂದುಕೊಟ್ಟ ಯಂತ್ರವಾದರೆ ಇನ್ನೊಂದು ತೊಡಕು. ನಮ್ಮಲ್ಲಿ ಅಳತೆ `mg/dL`, ಬ್ರಿಟನ್ನಿನಲ್ಲಿ `mmol/L`. ಅಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಇಲ್ಲಿನದು. ಪರದೆಯ 7.0ರ ಚುಕ್ಕೆಯನ್ನು ಗಮನಿಸದವರು 70 ಎಂದೋದಿ ಸಕ್ಕರೆ ಇಳಿದಿದೆಯೆಂದು ಸಿಹಿ ತಿನ್ನುತ್ತಾರೆ, ನಿಜದಲ್ಲಿ ಅದು 126. ಇಂಥ ಯಂತ್ರಗಳಲ್ಲಿ ಅಳತೆಯನ್ನು ಕಾರ್ಖಾನೆಯಲ್ಲೇ ಬಿಗಿದಿರುವುದು ಸಾಮಾನ್ಯ, ಮನೆಯಲ್ಲಿ ಬದಲಿಸಲು ಬರುವುದಿಲ್ಲ. ಹಾಗೆಯೇ, ಬೆನ್ನುಬೆನ್ನಿಗೆ ಎರಡು ಸಲ ನೋಡಿ 182, 194 ಬಂದಾಗ ಯಂತ್ರ ಕೆಟ್ಟಿದೆ ಎಂದು ಹೆದರುವವರಿಗೂ ಒಂದು ಸಾಲು ಬೇಕು. ಪ್ರಯೋಗಾಲಯದಲ್ಲಿ 200 ಬಂದ ರಕ್ತಕ್ಕೆ ಮನೆಯ ಯಂತ್ರ 170ರಿಂದ 230ರ ನಡುವೆ ತೋರಿಸಿದರೆ ಅಂತರರಾಷ್ಟ್ರೀಯ ಮಾನದಂಡ ಒಪ್ಪುತ್ತದೆ.

ಅನುವಾದ ಮುಗಿದ ಮೇಲೆ ಅದು ಸರಿಯಿದೆಯೇ ಎಂದು ನೋಡುವ ವಾಡಿಕೆಯ ದಾರಿ, ಮೂಲ ನೋಡದ ಇನ್ನೊಬ್ಬರಿಂದ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡುವುದು. ಅಂಕಿ ತಪ್ಪಿದ್ದರೆ, ಬೇಡಿ ಎಂಬುದು ಬಿಟ್ಟುಹೋಗಿದ್ದರೆ ಇದರಲ್ಲಿ ಸಿಕ್ಕಿಬೀಳುತ್ತದೆ. ಆದರೆ ಈ ಲೇಖನ ಶುರುವಾದ ವಾಕ್ಯ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಪಾಸಾಗುತ್ತದೆ, ಏಕೆಂದರೆ ವಾಪಸು ಅನುವಾದಿಸುವವರೂ ಅಕ್ಷರವನ್ನೇ ಓದುತ್ತಾರೆ, ಪೆನ್ನು ಅವರ ಕೈಯಲ್ಲಿರುವುದಿಲ್ಲ.

ನನ್ನ ಮಟ್ಟಿಗೆ ಲೆಕ್ಕಕ್ಕೆ ಬರುವ ಪರೀಕ್ಷೆ ಬೇರೆ. ಪೆನ್ನನ್ನೇ ಕಾಣದ ಐದಾರು ಜನರನ್ನು ಒಬ್ಬೊಬ್ಬರಾಗಿ ಕೂರಿಸಬೇಕು. ಅವರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟವರಿರಲಿ, ಓದಲು ಬಾರದೆ ಮೊಮ್ಮಗನಿಂದ ಓದಿಸಿಕೊಳ್ಳುವವರಿರಲಿ, ಬಳ್ಳಾರಿಯವರೂ ಪುತ್ತೂರಿನವರೂ ಇರಲಿ. ಔಷಧವಿಲ್ಲದ ದ್ರವ ತುಂಬಿದ ತರಬೇತಿ ಪೆನ್ನು ಮತ್ತು ಚುಚ್ಚಲು ಸ್ಪಂಜು ಕೊಟ್ಟು, ಕಾಗದ ನೋಡಿ 15 ಯೂನಿಟ್ ಹಾಕಿ ಎಂದು ಹೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ, ನಾಲಿಗೆ ತುದಿಯವರೆಗೆ ಸಹಾಯ ಬಂದಿರುತ್ತದೆ. ಅರ್ಥವಾಯಿತೇ ಎಂದು ಕೇಳಬಾರದು, ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಹೆಬ್ಬೆರಳು ಯಾವಾಗ ಮೇಲೆದ್ದಿತು, ಒಳಕೊಳವೆ ಮೇಜಿನ ಮೇಲಿದೆಯೋ ಸೂಜಿಯ ಮೇಲಿದೆಯೋ, ಕಿಟಕಿಯಲ್ಲಿ 15ರ ಗೆರೆ ಸಿಕ್ಕಿತೋ ಇಲ್ಲವೋ, ಹನಿ ನೋಡುವ ಮೊದಲೇ ಚುಚ್ಚಿದರೋ ಎಂದು ಗುರುತು ಹಾಕಿಕೊಳ್ಳಬೇಕು. ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ಆ ವಾಕ್ಯ ಬದಲಾಗಬೇಕು, ಬದಲಾದ ಮೇಲೆ ಹೊಸ ಜನರ ಮುಂದೆ ಮತ್ತೆ ಇಡಬೇಕು. ಕೊಳವೆ ಅರ್ಧದಲ್ಲಿ ಮುಗಿಯುವ ಹೆಜ್ಜೆಯನ್ನು ಬೇಕೆಂದೇ ಪರೀಕ್ಷೆಗೆ ತರಬೇಕು. ತರಬೇತಿಯ ದಿನ ಅದು ಎದುರಾಗುವುದಿಲ್ಲ, ಮನೆಯಲ್ಲಿ ಹನ್ನೆರಡನೆಯ ದಿನ ಎದುರಾಗುತ್ತದೆ.

ಪೆನ್ನಿನ ಮಾದರಿ ಬದಲಾದಾಗ ಇಷ್ಟನ್ನೂ ಇನ್ನೊಮ್ಮೆ ಮಾಡಬೇಕು. ಒಂದು ಪೆನ್ನು 2ರಲ್ಲಿ ನಿಲ್ಲುತ್ತದೆ, ಇನ್ನೊಂದು 12ರಲ್ಲಿ ತಡೆಯುತ್ತದೆ, ಒಂದಕ್ಕೆ ಆರು ಸೆಕೆಂಡು, ಇನ್ನೊಂದಕ್ಕೆ ಹತ್ತು. ಹಳೆಯ ಪೆನ್ನಿನ ಕಾಗದ ಹೊಸ ಪೆನ್ನಿನ ಪೆಟ್ಟಿಗೆಯೊಳಗೆ ಸೇರಿಕೊಳ್ಳದಿರಲು ಪ್ರತಿ ಪುಟದ ಮೇಲೆ ಪೆನ್ನಿನ ಹೆಸರು, ಇನ್ಸುಲಿನ್‌ನ ಹೆಸರು, ಅಚ್ಚಾದ ತಿಂಗಳು ಮತ್ತು ವರ್ಷ ಇರಬೇಕು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹಳೆಯ ಕಟ್ಟು ಉಳಿದಿದ್ದರೆ ಹೊಸದನ್ನು ಕೊಡುವ ದಿನವೇ ಅದನ್ನು ಹರಿದುಹಾಕಬೇಕು.